ಬ್ಯಾಳಿ ಇರಲಿ, ಕಟ್ಟು ಬಿಡಿರಿ: ಕಿಡ್ನಿ ರೋಗಿಗೆ ಕಲಬುರಗಿ ಅಡುಗೆ

ಕಲಬುರಗಿ ಸೀಮೆಯ ಎರಡು ಬೆಳೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಒಂದು ಕಲಬುರಗಿಯ ತೊಗರಿ ಬೇಳೆ, ಇನ್ನೊಂದು ಹುಮನಾಬಾದ್ ರಸ್ತೆಯ ಕಮಲಾಪುರದ ಕೆಂಪು ಬಾಳೆ. ಮೂತ್ರಪಿಂಡ ಕೊನೆಯ ಹಂತಕ್ಕೆ ಬಂದವರ ಮನೆಯಲ್ಲಿ ಈ ಎರಡೂ ತೊಡಕಿನ ಪದಾರ್ಥಗಳೇ, ಏಕೆಂದರೆ ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಹಾಗಿದ್ದರೂ ಬೇಳೆಯನ್ನು ತಟ್ಟೆಯಲ್ಲಿ ಉಳಿಸಿಕೊಳ್ಳಬಹುದು, ಬಾಳೆಹಣ್ಣನ್ನು ಬಹುಮಟ್ಟಿಗೆ ಬಿಡಬೇಕಾಗುತ್ತದೆ. ಬೇಳೆಯನ್ನು ನೀರಲ್ಲಿ ಕುದಿಸಿ ಬಸಿಯಬಹುದು, ಹಣ್ಣನ್ನು ಬಸಿಯಲಾಗದು. ವ್ಯತ್ಯಾಸ ಇಷ್ಟೇ.

ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ತರಕಾರಿ ಅಥವಾ ಬೇಳೆ ಕುದಿಯುವಾಗ ಅದರ ಕೋಶಗಳು ಒಡೆದು ಪೊಟ್ಯಾಸಿಯಂ ಹೊರಗಿನ ನೀರಿಗೆ ಇಳಿಯುತ್ತದೆ. ಆ ನೀರನ್ನೇ ಸಾರು ಮಾಡಿ ಉಂಡರೆ ಇಳಿದದ್ದೆಲ್ಲ ಮತ್ತೆ ಹೊಟ್ಟೆಗೇ ಹೋಗುತ್ತದೆ. ಹೋಳಿಗೆಗೆ ಬೇಯಿಸಿದ ಬೇಳೆಯಿಂದ ಕಟ್ಟು ಬಸಿದು, ಅದರಿಂದ ಘಮಘಮಿಸುವ ಕಟ್ಟಿನ ಸಾರು ಮಾಡುವುದು ಈ ಭಾಗದ ಹೆಂಗಸರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಕಿಡ್ನಿ ರೋಗಿಗೆ ಬೇಕಾದದ್ದೂ ಅದೇ ವಿದ್ಯೆ, ಆದರೆ ತಿರುಗಾಮುರುಗಾ. ಬೇಳೆ ರೋಗಿಗೆ, ಕಟ್ಟು ಮನೆಯ ಉಳಿದವರಿಗೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಈ ಪಥ್ಯ ಎಲ್ಲ ಕಿಡ್ನಿ ರೋಗಿಗಳಿಗೂ ಅಲ್ಲ. ರೋಗದ ಆರಂಭದ ಹಂತದಲ್ಲಿ, ರಕ್ತದ ಪೊಟ್ಯಾಸಿಯಂ ಸರಿಯಾಗಿದ್ದಾಗ, ಹಣ್ಣು ತರಕಾರಿ ಬಿಡಿಸುವುದರಿಂದ ಹಾನಿಯೇ ಹೆಚ್ಚು. ರಕ್ತದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರವರೆಗೆ ಇರುತ್ತದೆ. ವರದಿಯಲ್ಲಿ ಅದು 5.5ರ ಆಸುಪಾಸಿಗೆ ಬಂದಾಗ ಅಥವಾ ಪದೇ ಪದೇ ಏರುತ್ತಿರುವಾಗ ವೈದ್ಯರು ಊಟದಲ್ಲಿ ಕಡಿತ ಹೇಳುತ್ತಾರೆ. ಏರಿಕೆಗೆ ಊಟವೊಂದೇ ಕಾರಣವೂ ಅಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ರಕ್ತದ ಆಮ್ಲತೆ, ಮಲಬದ್ಧತೆ ಇವೂ ಪೊಟ್ಯಾಸಿಯಂ ಏರಿಸುತ್ತವೆ. ಮೂತ್ರಪಿಂಡ ಸೋತಾಗ ದೇಹ ಒಂದಿಷ್ಟು ಪೊಟ್ಯಾಸಿಯಂ ಅನ್ನು ಮಲದ ಮೂಲಕವೂ ಹೊರಹಾಕುತ್ತದೆ. ಆದ್ದರಿಂದ ಮೂರು ದಿನ ಹೊಟ್ಟೆ ಕಟ್ಟಿದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಇನ್ನು ಒಂದು ಮನೆಯ ದಿನವನ್ನು ಬಿಡಿಸಿ ನೋಡೋಣ. ಅರವತ್ತು ಕೆಜಿ ತೂಕದ ಒಬ್ಬರಿದ್ದಾರೆ, ಇನ್ನೂ ಡಯಾಲಿಸಿಸ್ ಶುರುವಾಗಿಲ್ಲ, ಪೊಟ್ಯಾಸಿಯಂ 5.8 ಬಂದಿದೆ ಎಂದಿಟ್ಟುಕೊಳ್ಳಿ. ಅವರ ಊಟದಲ್ಲಿ ವಿಶೇಷವೇನೂ ಇಲ್ಲ. ಬೆಳಿಗ್ಗೆ ಚಹಾ, ಒಂದು ಕೆಂಪು ಬಾಳೆಹಣ್ಣು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಒಂದು ಬಟ್ಟಲು ತೊಗರಿ ಬ್ಯಾಳಿ, ಎರಡು ಚಮಚ ಶೇಂಗಾ ಹಿಂಡಿ. ಬಿಸಿಲೆಂದು ಸಂಜೆ ಒಂದು ಎಳನೀರು, ಮತ್ತೊಂದು ಚಹಾ. ರಾತ್ರಿ ಒಂದು ರೊಟ್ಟಿ, ಪಾಲಕ ಹಾಕಿದ ಬ್ಯಾಳಿ, ಸ್ವಲ್ಪ ಅನ್ನ, ಮೊಸರು, ಉಪ್ಪಿನಕಾಯಿ. ಯಾರು ನೋಡಿದರೂ ಒಳ್ಳೆಯ ಊಟ ಎನ್ನುವಂಥದ್ದು. ಆದರೆ ಕೂಡಿಸಿದರೆ ಪೊಟ್ಯಾಸಿಯಂ ಸುಮಾರು 3,700 ಮಿಲಿಗ್ರಾಂ ಆಗುತ್ತದೆ. ಪೊಟ್ಯಾಸಿಯಂ ಏರಿದವರಿಗೆ ಆಹಾರ ತಜ್ಞರು ಸಾಮಾನ್ಯವಾಗಿ ಇಟ್ಟುಕೊಡುವ ಮಿತಿ ದಿನಕ್ಕೆ 2,000ದಿಂದ 2,500 ಮಿಲಿಗ್ರಾಂ.

ಈ ಹೊರೆ ಎಲ್ಲಿಂದ ಬಂತು? ಹೆಚ್ಚಿನವರು ಮೊದಲು ಬೆರಳು ತೋರಿಸುವುದು ರೊಟ್ಟಿಯ ಕಡೆಗೆ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 330 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅಕ್ಕಿಗಿಂತ ಇದು ಮೂರು ಪಟ್ಟು ಹೌದು, ಆದರೆ ದಿನಕ್ಕೆ ಎರಡು ಮೂರು ರೊಟ್ಟಿಗೆ ಅದು ಭಯಪಡುವ ಲೆಕ್ಕವಲ್ಲ. ದೊಡ್ಡ ಪಾಲು ಬಂದದ್ದು ಬೇಳೆಯಿಂದ. ನೂರು ಗ್ರಾಂ ಒಣ ತೊಗರಿ ಬೇಳೆಯಲ್ಲಿ ಸುಮಾರು 1,400 ಮಿಲಿಗ್ರಾಂ ಇದ್ದು, ಎರಡೂ ಹೊತ್ತು ಸೇರಿ ಎಪ್ಪತ್ತು ಗ್ರಾಂ ಬೇಳೆ ಉಂಡರೆ ಸಾವಿರದ ಹತ್ತಿರ ಬರುತ್ತದೆ. ಆಮೇಲೆ ಪಾಲಕ, ನೂರು ಗ್ರಾಂಗೆ 550ಕ್ಕೂ ಮೇಲೆ. ಒಂದು ಲೋಟ ಎಳನೀರಿನಲ್ಲಿ ಸುಮಾರು 500. ಬಾಳೆಹಣ್ಣಿನಲ್ಲಿ 350ರಷ್ಟು. ಕೈ ಹಾಕಬೇಕಾದದ್ದು ಈ ನಾಲ್ಕಕ್ಕೆ.

ಎಳನೀರಿಗೆ ಬದಲಿ ದಾರಿಯಿಲ್ಲ, ಬಿಡಬೇಕು. ಆಸ್ಪತ್ರೆಯಲ್ಲಿರುವವರನ್ನು ನೋಡಲು ಬರುವ ನೆಂಟರು ಕೈಯಲ್ಲಿ ಹಿಡಿದು ತರುವುದು ಎಳನೀರು, ಬಾಳೆಹಣ್ಣು, ಮೋಸಂಬಿ ರಸವನ್ನೇ. ಪ್ರೀತಿಯಿಂದ ತಂದದ್ದನ್ನು ಬೇಡವೆನ್ನಲು ರೋಗಿಗೆ ಸಂಕೋಚವಾಗುತ್ತದೆ. ಮನೆಯವರೇ ಮುಂಚಿತವಾಗಿ ಹೇಳಿಬಿಡುವುದು ಲೇಸು. ಹಣ್ಣು ಬೇಕೆನಿಸಿದರೆ ಅರ್ಧ ಸೇಬು, ಒಂದೆರಡು ಹೋಳು ಅನಾನಸ್ ಅಥವಾ ಪಿಯರ್ ಹಣ್ಣು ಸಾಕು, ಇವುಗಳಲ್ಲಿ ನೂರು ಗ್ರಾಂಗೆ ಪೊಟ್ಯಾಸಿಯಂ ನೂರರ ಆಸುಪಾಸು ಮಾತ್ರ. ಕಮಲಾಪುರದ ಮನೆಯವರಿಗೆ ಹಿತ್ತಲ ಬಾಳೆಯನ್ನು ಪೂರ್ತಿ ಮರೆಯುವುದು ಕಷ್ಟ. ವರದಿ ಹತೋಟಿಗೆ ಬಂದ ಮೇಲೆ, ಆ ದಿನದ ಬೇರೆ ಹಣ್ಣನ್ನು ಬಿಟ್ಟು, ಎರಡು ಬೆರಳು ಅಗಲದ ತುಂಡೊಂದನ್ನು ತಿನ್ನಬಹುದೇ ಎಂದು ವೈದ್ಯರನ್ನು ಕೇಳಬಹುದು. ನಕ್ಷತ್ರದ ಆಕಾರದ ಕಮರಾಕ್ಷಿ ಹಣ್ಣನ್ನು ಮಾತ್ರ ಒಂದು ಹೋಳೂ ಮುಟ್ಟಬಾರದು. ಅದರಲ್ಲಿರುವ ವಿಷಾಂಶವನ್ನು ಸೋತ ಮೂತ್ರಪಿಂಡ ಹೊರಹಾಕಲಾರದು. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುವವರೆಗೆ ಹೋದದ್ದುಂಟು.

ಈಗ ಬೇಳೆ. ಇಪ್ಪತ್ತೈದು ಗ್ರಾಂ ಎಂದರೆ ಸುಮಾರು ಎರಡು ದೊಡ್ಡ ಚಮಚ ಒಣ ಬೇಳೆ, ಒಬ್ಬರಿಗೆ ಒಂದು ಹೊತ್ತಿಗೆ ಅಷ್ಟು ಸಾಕು. ಅದನ್ನು ತೊಳೆದು ಬಿಸಿ ನೀರಿನಲ್ಲಿ ಎರಡು ತಾಸು ನೆನೆಸಿ, ಆ ನೀರು ಚೆಲ್ಲಬೇಕು. ಆಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ಬೇಳೆಯ ಹತ್ತು ಪಟ್ಟು ನೀರಿಟ್ಟು, ಮುಚ್ಚಳ ಅರೆ ತೆರೆದು ಕುದಿಸಬೇಕು. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯುವಂತಿರಬೇಕು, ಕರಗಿ ಹಿಟ್ಟಾಗಬಾರದು. ಆ ಹದದಲ್ಲಿ ಜಾಲರಿಯ ಮೇಲೆ ಪೂರ್ತಿ ಬಸಿಯಬೇಕು. ಮತ್ತೆ ಹೊಸ ನೀರು ಹಾಕಿ ಮೆತ್ತಗಾಗುವವರೆಗೆ ಬೇಯಿಸಿ ಒಗ್ಗರಣೆ ಕೊಡಬೇಕು. ಎಷ್ಟು ಪೊಟ್ಯಾಸಿಯಂ ಹೋಯಿತು ಎಂಬುದು ನೀರಿನ ಪ್ರಮಾಣ ಮತ್ತು ಬೆಂದ ಹೊತ್ತಿನ ಮೇಲೆ ನಿಂತಿದೆ. ಅರ್ಧದಷ್ಟು ಹೋಯಿತೆಂದು ಲೆಕ್ಕ ಹಿಡಿಯಬಹುದು.

ತಪ್ಪುವುದು ಸಾಮಾನ್ಯವಾಗಿ ಕುಕ್ಕರ್‌ನಲ್ಲಿ. ಅಳತೆಯ ನೀರು ಹಾಕಿ ನಾಲ್ಕು ಸೀಟಿ ಕೂಗಿಸಿದರೆ ಬೇಳೆ ನೀರು ಎರಡೂ ಒಂದಾಗಿಬಿಡುತ್ತವೆ, ಬಸಿಯಲು ಏನೂ ಉಳಿಯುವುದಿಲ್ಲ. ಕುಕ್ಕರ್ ಬೇಕೇ ಬೇಕೆಂದರೆ ಮೊದಲ ಕುದಿಯನ್ನು ತೆರೆದ ಪಾತ್ರೆಯಲ್ಲಿ ಮುಗಿಸಿ, ಬಸಿದ ಬೇಳೆಯನ್ನು ಕುಕ್ಕರ್‌ಗೆ ಹಾಕಬಹುದು. ಇನ್ನೊಂದು ತಪ್ಪು, ರಾತ್ರಿಯಿಡೀ ನೆನೆಸಿದರೆ ಸಾಕೆಂದು ನಂಬುವುದು. ಆಲೂಗಡ್ಡೆಯ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ನೇರವಾಗಿ ಅಳೆದಿದೆ. ಹೋಳುಗಳನ್ನು ಬರೀ ನೀರಲ್ಲಿ ನೆನೆಸಿದಾಗ ಪೊಟ್ಯಾಸಿಯಂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಹೋಳು ಮಾಡಿ ಕುದಿಸಿದಾಗ ಅರ್ಧ ಇಳಿಯಿತು, ತುರಿದು ಕುದಿಸಿದಾಗ ಮುಕ್ಕಾಲು ಪಾಲು ಇಳಿಯಿತು. ಕೆಲಸ ಮಾಡುವುದು ಕುದಿ. ಅದರ ಜೊತೆಗೆ ಹೋಳು ಸಣ್ಣದಿರಬೇಕು, ನೀರು ಹೇರಳ ಇರಬೇಕು.

ತರಕಾರಿಗೂ ಇದೇ ಕ್ರಮ. ಹೀರೇಕಾಯಿ, ಸೋರೆಕಾಯಿ, ಎಲೆಕೋಸು, ಸೌತೆಕಾಯಿ ಇವುಗಳಲ್ಲಿ ಮೊದಲೇ ಪೊಟ್ಯಾಸಿಯಂ ಕಡಿಮೆ, ದಿನನಿತ್ಯಕ್ಕೆ ಇವೇ ಸೈ. ಬದನೆಕಾಯಿ ನಡುವಿನದು. ಎಣಗಾಯಿಯಲ್ಲಿ ಬದನೆಗಿಂತ ಅದರ ಹೊಟ್ಟೆಯೊಳಗಿನ ಶೇಂಗಾ, ಎಳ್ಳು, ಒಣಕೊಬ್ಬರಿಯನ್ನು ಗಮನಿಸಬೇಕು. ಕಾಯಿಯನ್ನು ನಾಲ್ಕಾಗಿ ಸೀಳಿ ಹತ್ತು ನಿಮಿಷ ಕುದಿಸಿ ಬಸಿದುಕೊಂಡು, ಮಸಾಲೆಯಲ್ಲಿ ಉಳ್ಳಾಗಡ್ಡಿ, ಕೊತ್ತಂಬರಿ ಬೀಜ, ಬೆಳ್ಳುಳ್ಳಿಯನ್ನು ಮುಂದೆ ಮಾಡಿ, ಶೇಂಗಾ ಪುಡಿಯನ್ನು ಒಬ್ಬರಿಗೆ ಎರಡು ಸಣ್ಣ ಚಮಚಕ್ಕೆ ಇಳಿಸಿದರೆ ಎಣಗಾಯಿ ಎಣಗಾಯಿಯಾಗಿಯೇ ಉಳಿಯುತ್ತದೆ. ಪುಂಡಿ ಪಲ್ಯಕ್ಕೆ ಹುಳಿ ಮುರಿಯಲೆಂದು ಸೊಪ್ಪು ಕುದಿಸಿ ಮೊದಲ ನೀರು ಬಸಿಯುವ ರೂಢಿ ಅನೇಕ ಮನೆಗಳಲ್ಲಿದೆ. ಆ ರೂಢಿಯನ್ನು ಬಿಡಬಾರದು, ಮತ್ತು ಅದನ್ನೇ ಬೇರೆ ಸೊಪ್ಪುಗಳಿಗೂ ಹಚ್ಚಬೇಕು. ಹಸಿ ಮೆಂತ್ಯವನ್ನು ರೊಟ್ಟಿಯ ಜೊತೆ ಹಿಡಿಗಟ್ಟಲೆ ಕಡಿಯುವುದು ಮಾತ್ರ ನಿಲ್ಲಬೇಕು. ಎಳ್ಳ ಅಮಾವಾಸ್ಯೆಯ ಭಜ್ಜಿಯಲ್ಲಿ ಹಸಿ ಕಾಳು, ಸೊಪ್ಪು, ಶೇಂಗಾ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದಿರುತ್ತವೆ, ಅದನ್ನು ಬಸಿದರೆ ಭಜ್ಜಿಯೇ ಇರುವುದಿಲ್ಲ. ಹಬ್ಬದ ದಿನ ಹೊಲದಲ್ಲಿ ಎಲ್ಲರ ಜೊತೆ ಕೂತು ಎರಡು ಚಮಚ ಉಣ್ಣಲಿ, ತಟ್ಟೆ ತುಂಬ ಬೇಡ.

ಕುದಿಸಿ ಬಸಿದಾಗ ನೀರಲ್ಲಿ ಕರಗುವ ಜೀವಸತ್ವಗಳೂ ಹೋಗುತ್ತವೆ. ಹಾಗೆಂದು ಪೇಟೆಯ ಟಾನಿಕ್ ತಂದು ಕುಡಿಯಬಾರದು, ಬೇಕಾದ ಮಾತ್ರೆಯನ್ನು ವೈದ್ಯರೇ ಬರೆದುಕೊಡುತ್ತಾರೆ.

ಆ ಮನೆಯ ಲೆಕ್ಕಕ್ಕೆ ಮರಳೋಣ. ಬಾಳೆಯ ಬದಲು ಅರ್ಧ ಸೇಬು, ಎಳನೀರು ಇಲ್ಲ, ಪಾಲಕದ ಬದಲು ಕುದಿಸಿ ಬಸಿದ ಹೀರೇಕಾಯಿ, ಎರಡೂ ಹೊತ್ತು ಸೇರಿ ಐವತ್ತು ಗ್ರಾಂ ಬಸಿದ ಬೇಳೆ, ಕುದಿಸಿದ ಬದನೆ, ಅರ್ಧಕ್ಕೆ ಇಳಿದ ಹಿಂಡಿ. ರೊಟ್ಟಿ, ಅನ್ನ, ಮೊಸರು, ಚಹಾ ಮೊದಲಿದ್ದಂತೆಯೇ. 3,700 ಇದ್ದದ್ದು ಸುಮಾರು 1,600ಕ್ಕೆ ಬರುತ್ತದೆ. ಪ್ರೊಟೀನ್ ನಲವತ್ತು ಗ್ರಾಂ ಮೀರಿ ಸಿಗುತ್ತದೆ. ಡಯಾಲಿಸಿಸ್ ಇಲ್ಲದ ಅರವತ್ತು ಕೆಜಿಯ ವ್ಯಕ್ತಿಗೆ ಅಷ್ಟು ಸರಿಹೋಗುತ್ತದೆ.

ಡಯಾಲಿಸಿಸ್ ಶುರುವಾದ ಮೇಲೆ ಈ ಲೆಕ್ಕ ಬದಲಾಗುತ್ತದೆ, ಇದನ್ನು ಬಹಳ ಮನೆಗಳು ಗಮನಿಸುವುದಿಲ್ಲ. ಡಯಾಲಿಸಿಸ್‌ನಲ್ಲಿ ಪ್ರೊಟೀನ್ ಅಂಶ ಸೋರಿಹೋಗುವುದರಿಂದ ಅದೇ ವ್ಯಕ್ತಿಗೆ ದಿನಕ್ಕೆ 60ರಿಂದ 72 ಗ್ರಾಂ ಬೇಕು. ಹಳೆಯ ಪಥ್ಯವನ್ನೇ ಹಿಡಿದು ಕೂತರೆ ಸ್ನಾಯು ಕರಗಿ, ನಡೆಯಲೂ ಶಕ್ತಿ ಇಲ್ಲದಂತಾಗುತ್ತದೆ. ಹೆಚ್ಚಿನ ಪ್ರೊಟೀನ್‌ಗೆ ಬೇಳೆಯನ್ನೇ ಏರಿಸಿದರೆ ಪೊಟ್ಯಾಸಿಯಂ ಕೂಡ ಏರುತ್ತದೆ. ತಿನ್ನುವವರಾದರೆ ಮೊಟ್ಟೆಯ ಬಿಳಿ ಭಾಗ ಎಲ್ಲಕ್ಕಿಂತ ಹಗುರ ದಾರಿ. ಒಂದರಲ್ಲಿ ಮೂರೂವರೆ ಗ್ರಾಂ ಪ್ರೊಟೀನ್ ಇದ್ದು, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಮೊಟ್ಟೆ ಮುಟ್ಟದ ಮನೆಗಳಲ್ಲಿ ಪನೀರ್, ಮೊಸರು, ಬಸಿದ ಬೇಳೆಯನ್ನು ಹೇಗೆ ಹಂಚಿಕೊಳ್ಳಬೇಕೆಂದು ಆಹಾರ ತಜ್ಞರ ಜೊತೆ ಕೂತು ಗೊತ್ತುಮಾಡಿಕೊಳ್ಳಬೇಕು. ಎರಡು ಡಯಾಲಿಸಿಸ್ ನಡುವಿನ ಅಂತರ ಹೆಚ್ಚಾದಷ್ಟೂ ಪೊಟ್ಯಾಸಿಯಂ ಏರುತ್ತದೆ. ಕಮಲಾಪುರ, ಆಳಂದ, ಚಿಂಚೋಳಿ ಕಡೆಯಿಂದ ಬಸ್ಸು ಹಿಡಿದು ಕಲಬುರಗಿಗೆ ಬರುವವರು ಮದುವೆಯೋ ಮಳೆಯೋ ಎಂದು ಒಂದು ಸರದಿ ತಪ್ಪಿಸಿಕೊಂಡರೆ ಆ ದಿನಗಳಲ್ಲಿ ಪಥ್ಯ ಇನ್ನಷ್ಟು ಬಿಗಿಯಾಗಬೇಕು.

ಉಪ್ಪಿನ ವಿಷಯದಲ್ಲಿ ಈ ಸೀಮೆಗೆ ಒಂದು ಅನುಕೂಲ ಇದೆ. ಜೋಳದ ರೊಟ್ಟಿಗೆ ಬಿಸಿ ನೀರು ಬಿಟ್ಟರೆ ಬೇರೇನೂ ಬೀಳುವುದಿಲ್ಲ, ಉಪ್ಪು ಕೂಡ. ಹೀಗಾಗಿ ದಿನದ ಮಿತಿಯನ್ನು ಪೂರ್ತಿಯಾಗಿ ಪಲ್ಯ ಮತ್ತು ಬ್ಯಾಳಿಗೆ ಇಟ್ಟುಕೊಳ್ಳಬಹುದು. ಮಿತಿ ಐದು ಗ್ರಾಂ ಒಳಗೆ, ಎಂದರೆ ತಲೆ ಸವರಿದ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ಕಣ್ಣಳತೆ ಇಲ್ಲಿ ಕೈಕೊಡುತ್ತದೆ. ಬೆಳಿಗ್ಗೆಯೇ ರೋಗಿಯ ಪಾಲಿನ ಉಪ್ಪನ್ನು ಚಿಕ್ಕ ಡಬ್ಬಿಯಲ್ಲಿ ತೆಗೆದಿಟ್ಟು, ದಿನವಿಡೀ ಅದರಿಂದಲೇ ಹಾಕಬೇಕು. ಮನೆಗೆಲ್ಲ ಒಂದೇ ಅಡುಗೆ ಮಾಡುವಾಗ ಉಪ್ಪು ಹಾಕುವ ಮುಂಚೆ ರೋಗಿಯ ಪಾಲನ್ನು ಬೇರೆ ತೆಗೆದು, ಉಳಿದದ್ದಕ್ಕೆ ಉಪ್ಪು ಹಾಕಿದರೆ ಎರಡು ಒಲೆ ಹೂಡುವ ಕಷ್ಟ ತಪ್ಪುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಹಿಂಡಿ ಈ ಡಬ್ಬಿಯ ಲೆಕ್ಕಕ್ಕೆ ಸಿಗದ ಉಪ್ಪು, ಅದಕ್ಕೇ ಅವನ್ನು ಬಿಡಬೇಕು. ಮಿರ್ಚಿ ಭಜಿಯ ಅಡುಗೆ ಸೋಡಾ ಕೂಡ ಸೋಡಿಯಮ್ಮೇ. ಅರ್ಧ ಸಣ್ಣ ಚಮಚ ಸೋಡಾ ಒಂದೂವರೆ ಗ್ರಾಂ ಉಪ್ಪಿಗೆ ಸಮ.

‘ಉಪ್ಪಿಲ್ಲದ ಹ್ಯಾಂಗ ಉಣ್ಣೋದು’ ಎಂಬ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ನಾಲಿಗೆಗೆ ಬೇಕಾದ ಚುರುಕನ್ನು ಹುಳಿ ಮತ್ತು ಖಾರ ಕೊಡಬಲ್ಲವು. ಉಣ್ಣುವ ಹೊತ್ತಿಗೆ ಹಿಂಡಿದ ನಿಂಬೆ, ಹುರಿದು ಕುಟ್ಟಿದ ಜೀರಿಗೆ, ಒಗ್ಗರಣೆಯಲ್ಲಿ ಕಂದುಬಣ್ಣಕ್ಕೆ ಬಂದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಇಷ್ಟಿದ್ದರೆ ಉಪ್ಪಿನ ಕೊರತೆ ಬಹಳ ಕಾಡುವುದಿಲ್ಲ. ಹುಣಸೆ ಹುಳಿಯನ್ನು ಪೂರ್ತಿ ಬಿಡುವ ಅಗತ್ಯವೂ ಇಲ್ಲ. ಗೋಲಿಯಷ್ಟು ಹುಣಸೆಯಲ್ಲಿ ಬರುವ ಪೊಟ್ಯಾಸಿಯಂ ಸ್ವಲ್ಪವೇ. ನಾಲ್ಕು ಟೊಮೆಟೊ ಹಾಕಿ ಮಾಡುವ ಸಾರಿಗಿಂತ ಅದು ಎಷ್ಟೋ ವಾಸಿ. ಉಪ್ಪು ಕಡಿಮೆಯಾದರೆ ಬಾಯಾರಿಕೆಯೂ ಕಡಿಮೆಯಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು ನಲವತ್ತು ದಾಟಿದಾಗ, ನೀರಿನ ಮಿತಿ ಇರುವ ಡಯಾಲಿಸಿಸ್ ರೋಗಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ.

ಉಪ್ಪಿಗೆ ಬದಲಿ ಹುಡುಕುವವರು ಎಡವುವ ಜಾಗ ಇನ್ನೂ ಒಂದಿದೆ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಅದರಿಂದ ಲಾಭವಿಲ್ಲ. ‘ಲೋ ಸೋಡಿಯಂ’ ಎಂದು ಬರೆದ ಪೊಟ್ಟಣ ಅದಕ್ಕಿಂತ ಅಪಾಯಕಾರಿ. ಅದರಲ್ಲಿ ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ನೂರಕ್ಕೆ 15ರಿಂದ 30 ಪಾಲು ಬೆರೆತಿದ್ದರೆ ಐದು ಗ್ರಾಂ ಉಪ್ಪಿನಿಂದಲೇ 400ರಿಂದ 800 ಮಿಲಿಗ್ರಾಂ ಪೊಟ್ಯಾಸಿಯಂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಸಾಮಾನ್ಯ ಜನರಿಗೆ ಸೂಚಿಸಿತು, ಆದರೆ ಮೂತ್ರಪಿಂಡದ ತೊಂದರೆ ಇರುವವರನ್ನು ಆ ಸೂಚನೆಯಿಂದ ಹೊರಗಿಟ್ಟಿತು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಮಗನೋ ಸೊಸೆಯೋ ತಂದಿಟ್ಟ ಪೊಟ್ಟಣ ಅಡುಗೆಮನೆಯಲ್ಲಿದೆಯೇ ಎಂದು ಒಮ್ಮೆ ತೆರೆದು ನೋಡಬೇಕು.

ರಂಜಕ, ಅಂದರೆ ಫಾಸ್ಫೇಟ್, ಇವೆರಡಕ್ಕಿಂತ ಮೌನಿ. ಅದು ಏರಿದಾಗ ಮೈ ತುರಿಕೆ ಬರಬಹುದು, ಮೂಳೆ ಸವೆಯುತ್ತದೆ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ಬೇಳೆ, ಜೋಳ, ಶೇಂಗಾದಲ್ಲಿ ರಂಜಕ ಇದೆಯೆಂದು ಕೋಷ್ಟಕಗಳು ಹೇಳುತ್ತವೆ. ಆದರೆ ಕಾಳುಕಡಿಯಲ್ಲಿರುವ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿದ್ದು, ಮನುಷ್ಯನ ಕರುಳು ಅದರಲ್ಲಿ ಅರ್ಧಕ್ಕಿಂತ ಕಡಿಮೆ ಹೀರಿಕೊಳ್ಳುತ್ತದೆ. ಹಾಲು ಮಾಂಸದಿಂದ ಹೀರುವುದು ಇನ್ನೂ ಹೆಚ್ಚು. ಪೊಟ್ಟಣದ ತಿನಿಸುಗಳಿಗೆ ಸೇರಿಸುವ ಫಾಸ್ಫೇಟ್ ಮಾತ್ರ ಬಹುತೇಕ ಪೂರ್ತಿಯಾಗಿ ರಕ್ತಕ್ಕೆ ಇಳಿಯುತ್ತದೆ. ಅದಕ್ಕೇ ರೊಟ್ಟಿ ಬಿಡಿಸುವ ಮುಂಚೆ ಕರಿ ಬಣ್ಣದ ತಂಪು ಪಾನೀಯ, ಚೀಸ್ ತುಂಡು, ದಿಢೀರ್ ನೂಡಲ್ಸ್, ಬೇಕರಿ ಕೇಕ್ ಬಿಡಿಸಬೇಕು. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ 338, 339, 340, 341, 450, 451, 452 ಈ ಸಂಖ್ಯೆಗಳಲ್ಲಿ ಯಾವುದಾದರೂ ಕಂಡರೆ ಅದರಲ್ಲಿ ಫಾಸ್ಫೇಟ್ ಸೇರಿದೆ ಎಂದು ಅರ್ಥ. ಹಾಲು ಮೊಸರು ಎರಡೂ ಸೇರಿ ದಿನಕ್ಕೆ ಒಂದು ಲೋಟ ಮೀರದಿರಲಿ. ರಂಜಕ ಹಿಡಿಯುವ ಮಾತ್ರೆ ಕೊಟ್ಟಿದ್ದರೆ ಅದನ್ನು ಊಟದ ನಡುವೆಯೇ ನುಂಗಬೇಕು. ಅದು ಹೊಟ್ಟೆಯಲ್ಲಿ ಅನ್ನದ ರಂಜಕವನ್ನು ಹಿಡಿದು ಮಲದ ಜೊತೆ ಒಯ್ಯುವ ಮಾತ್ರೆ. ಉಂಡು ಎರಡು ತಾಸಾದ ಮೇಲೆ ನುಂಗಿದರೆ ಹಿಡಿಯಲು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಪಥ್ಯ ನಡೆಯುತ್ತಿದೆಯೇ ಎಂಬುದನ್ನು ಮೈ ಹೇಳುವುದಿಲ್ಲ, ರಕ್ತ ಪರೀಕ್ಷೆ ಹೇಳುತ್ತದೆ. ಊಟ ಬದಲಿಸಿದ ಮೇಲೆ ಎಷ್ಟು ದಿನಕ್ಕೆ ಪರೀಕ್ಷೆ ಮಾಡಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ, ಹೋಗುವಾಗ ಹಿಂದಿನ ಮೂರು ದಿನ ಉಂಡದ್ದನ್ನು ಬರೆದುಕೊಂಡು ಹೋಗಿ. ಪೊಟ್ಯಾಸಿಯಂ ವಿಪರೀತ ಏರಿದಾಗಲೂ ಎಷ್ಟೋ ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಕಂಡರೆ ಅದು ಕಾಲು ಸೋತು ಎದ್ದು ನಿಲ್ಲಲಾಗದಿರುವುದು, ಎದೆ ಹೊಡೆತ ತಾಳ ತಪ್ಪುವುದು, ತಲೆ ಸುತ್ತಿ ಬೀಳುವುದು. ಇವುಗಳಲ್ಲಿ ಒಂದು ಕಂಡರೂ ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯದೆ, ರಾತ್ರಿಯಾಗಿದ್ದರೂ ಸರಿ, ಇಸಿಜಿ ಮತ್ತು ರಕ್ತ ಪರೀಕ್ಷೆ ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.